A² − 3A + I ಮಾತೃಕೆಗೆ −1 ಎಂಬ ಐಗನ್ ಮೌಲ್ಯ ಒಂದು ಸಲವೋ, ಎರಡು ಸಲವೋ?

ಸಹನಾ, ಮಲ್ಪೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ಹಳೆಯ ಪ್ರಶ್ನೆಪತ್ರಿಕೆಯ ಒಂದು ಲೆಕ್ಕದ ಬಗ್ಗೆ ನಮ್ಮ ತರಗತಿಯಲ್ಲಿ ಎರಡು ಉತ್ತರಗಳು ಬಂದಿವೆ. A ಎಂಬ 3 × 3 ಮಾತೃಕೆಯ ಐಗನ್ ಮೌಲ್ಯಗಳು 1, 2, 4 ಎಂದು ಕೊಟ್ಟು, A² − 3A + I ಮಾತೃಕೆಯ ಐಗನ್ ಮೌಲ್ಯಗಳನ್ನೂ ನಿರ್ಧಾರಕವನ್ನೂ ಕೇಳಿದ್ದಾರೆ. A ಯ ಒಳಗಿನ ಸಂಖ್ಯೆಗಳನ್ನು ಎಲ್ಲಿಯೂ ಕೊಟ್ಟಿಲ್ಲ.

λ² − 3λ + 1 ಎಂಬಲ್ಲಿ λ ಗೆ 1 ಹಾಕಿದರೆ −1, 2 ಹಾಕಿದರೂ −1, 4 ಹಾಕಿದರೆ 5 ಬರುತ್ತದೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಆದರೆ −1 ಎರಡು ಸಲ ಬಂದಿರುವುದರಿಂದ ಅದನ್ನು ಒಂದೇ ಸಲ ಬರೆಯಬೇಕು ಎಂದು ಕೆಲವರು ಹೇಳುತ್ತಾರೆ. ಹಾಗೆ ಬರೆದರೆ ಗುಣಲಬ್ಧ −5, ಎರಡು ಸಲ ಬರೆದರೆ 5. ನಿರ್ಧಾರಕದ ಚಿಹ್ನೆಯೇ ಬದಲಾಗುವುದರಿಂದ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಎರಡನೆಯದೇ ಸರಿ ಎಂದು ನನಗೆ ಅನಿಸುತ್ತದೆ, ಆದರೆ ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ದಯವಿಟ್ಟು ವಿವರಿಸಿ.

ಕೊಣಾಜೆ ಓದುಗ

ಸಹನಾ ಅವರೇ, ಮೂಲ ಸಂಗತಿ ಬಹಳ ಸರಳವಾಗಿದೆ. Av = λv ಆಗಿರುವ, ಸೊನ್ನೆಯಲ್ಲದ ಒಂದು ಸದಿಶ v ಯನ್ನು ತೆಗೆದುಕೊಳ್ಳಿ. ಇನ್ನೊಮ್ಮೆ A ಯಿಂದ ಗುಣಿಸಿದರೆ A²v = λ(Av) = λ²v ಆಗುತ್ತದೆ. ಆದುದರಿಂದ (A² − 3A + I)v ಎಂಬುದು λ²v − 3λv + v, ಅಂದರೆ (λ² − 3λ + 1)v. ಹೀಗೆ A ಯ ಐಗನ್ ಸದಿಶ ಹೊಸ ಮಾತೃಕೆಗೂ ಐಗನ್ ಸದಿಶವೇ ಆಗಿ ಉಳಿಯುತ್ತದೆ, ಮೌಲ್ಯ ಮಾತ್ರ ಬದಲಾಗುತ್ತದೆ.

ನಿಮ್ಮ ಲೆಕ್ಕದಲ್ಲಿ 1, 2, 4 ಬೇರೆ ಬೇರೆ ಸಂಖ್ಯೆಗಳು, ಹಾಗಾಗಿ ಪರಸ್ಪರ ಸ್ವತಂತ್ರವಾದ ಮೂರು ಐಗನ್ ಸದಿಶಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಎರಡಕ್ಕೆ −1, ಒಂದಕ್ಕೆ 5. ಆದ್ದರಿಂದ −1 ಅನ್ನು ಎರಡು ಸಲ ಬರೆಯಬೇಕು, ನಿರ್ಧಾರಕ 5. ಆದರೆ ಒಂದು ಎಚ್ಚರಿಕೆ ಇದೆ. A ಗೆ ಸಾಕಷ್ಟು ಸ್ವತಂತ್ರ ಐಗನ್ ಸದಿಶಗಳು ಇಲ್ಲದಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಎರಡೂ ಮಾತೃಕೆಗಳ ಐಗನ್ ಸದಿಶಗಳು ಒಂದೇ ಆಗಿರುವುದೇ ಇದರ ಆಧಾರ ಎಂಬುದನ್ನು ಮರೆಯಬಾರದು.

ಲತಾ, ಬಂಟ್ವಾಳ

ಪ್ರಶ್ನೆಯೇ ತಪ್ಪಾಗಿದೆ ಎಂದು ನನ್ನ ಅಭಿಪ್ರಾಯ. A² − 3A + I = 0 ಎಂದಾದರೆ ಐಗನ್ ಮೌಲ್ಯಗಳು λ² − 3λ + 1 = 0 ಎಂಬ ಸಮೀಕರಣವನ್ನು ಪಾಲಿಸಲೇಬೇಕು. ಅದರ ಮೂಲಗಳು (3 + √5)/2 ಮತ್ತು (3 − √5)/2, ಸುಮಾರು 2.618 ಮತ್ತು 0.382. ಹೀಗಿರುವಾಗ 1, 2, 4 ಹೇಗೆ ಐಗನ್ ಮೌಲ್ಯಗಳಾಗಲು ಸಾಧ್ಯ? ನನ್ನ ಮಗನ ಟಿಪ್ಪಣಿ ಪುಸ್ತಕದಲ್ಲಿಯೂ ಇಂಥದ್ದೇ ಲೆಕ್ಕವಿತ್ತು, ಅಲ್ಲಿ ಈ ಎರಡು ಸಂಖ್ಯೆಗಳೇ ಉತ್ತರವಾಗಿದ್ದವು.

ರಘುರಾಮ, ಕಾರ್ಕಳ

ಮೊದಲು ಲತಾ ಅವರ ಮಾತಿಗೆ ಉತ್ತರಿಸುತ್ತೇನೆ. ಸಹನಾ ಅವರ ಪ್ರಶ್ನೆಯಲ್ಲಿ A² − 3A + I ಸೊನ್ನೆ ಎಂದು ಎಲ್ಲಿಯೂ ಹೇಳಿಲ್ಲ. ಅದೊಂದು ಹೊಸ ಮಾತೃಕೆ, ಅದರ ಐಗನ್ ಮೌಲ್ಯ ಕೇಳಿದ್ದಾರೆ, ಅಷ್ಟೇ. ಆದರೂ ನೀವು ಕಂಡುಹಿಡಿದ ಎರಡು ಸಂಖ್ಯೆಗಳಿಗೆ ಈ ವಿಷಯದಲ್ಲಿ ಒಂದು ನಿಜವಾದ ಸ್ಥಾನವಿದೆ. A ಯ ಐಗನ್ ಮೌಲ್ಯಗಳಲ್ಲಿ ಅವುಗಳಲ್ಲೊಂದು ಇದ್ದರೆ ಮಾತ್ರ A² − 3A + I ಗೆ ಸೊನ್ನೆ ಐಗನ್ ಮೌಲ್ಯವಾಗುತ್ತದೆ, ಆಗ ಅದಕ್ಕೆ ವಿಲೋಮವಿರುವುದಿಲ್ಲ. ಮೊದಲ ಅಡ್ಡಸಾಲಿನಲ್ಲಿ 2, 1 ಮತ್ತು ಎರಡನೆಯದರಲ್ಲಿ 1, 1 ಇರುವ ಮಾತೃಕೆಯನ್ನು ತೆಗೆದುಕೊಂಡು ಲೆಕ್ಕ ಮಾಡಿ ನೋಡಿ, A² − 3A + I ಪೂರ್ತಿ ಸೊನ್ನೆಯಾಗುತ್ತದೆ. ನಿಮ್ಮ ಮಗನ ಪುಸ್ತಕದಲ್ಲಿದ್ದದ್ದು ಬಹುಶಃ ಇಂಥ ಮಾತೃಕೆಯೇ ಇರಬೇಕು. 1, 2, 4 ರಲ್ಲಿ ಆ ಸಂಖ್ಯೆಗಳು ಇಲ್ಲದಿರುವುದರಿಂದ ಸಹನಾ ಅವರ ಮಾತೃಕೆಗೆ ವಿಲೋಮವಿದೆ.

ಇನ್ನು ಕೊಣಾಜೆಯವರು ಹೇಳಿದ್ದು. ಅವರ ಉತ್ತರ 5 ಸರಿ, ಅದಕ್ಕೆ ಕೊಟ್ಟ ಕಾರಣವೂ ಈ ಲೆಕ್ಕದ ಮಟ್ಟಿಗೆ ಸಾಕು. ಆದರೆ ಕೊನೆಯಲ್ಲಿ ಹೇಳಿದ ಎರಡು ಮಾತುಗಳನ್ನು ನಾನು ಒಪ್ಪಲಾರೆ. ಐಗನ್ ಸದಿಶಗಳು ಕಡಿಮೆಯಿದ್ದರೂ ನಿಯಮ ಕೆಡುವುದಿಲ್ಲ, ಮತ್ತು ಎರಡೂ ಮಾತೃಕೆಗಳ ಐಗನ್ ಸದಿಶಗಳು ಒಂದೇ ಎಂಬುದು ಒಂದು ದಿಕ್ಕಿನಲ್ಲಿ ಮಾತ್ರ ನಿಜ. ಎರಡನ್ನೂ ಒಂದೇ ಉದಾಹರಣೆಯಲ್ಲಿ ತೋರಿಸುವುದಕ್ಕಾಗಿ, ಐಗನ್ ಮೌಲ್ಯಗಳು 1, 2, 4 ಆಗಿರುವ ಒಂದು ಮೇಲ್ತ್ರಿಕೋನ ಮಾತೃಕೆಯನ್ನು ಬರೆಯುತ್ತೇನೆ.

```
A =  1  1  0        A² =  1  3  1
     0  2  1              0  4  6
     0  0  4              0  0  16

A² − 3A + I =  −1   0   1
                0  −1   3
                0   0   5
```

ಕರ್ಣವನ್ನು ಗಮನಿಸಿ. ಮೇಲ್ತ್ರಿಕೋನ ಮಾತೃಕೆಯನ್ನು ಅದರಿಂದಲೇ ಗುಣಿಸಿದಾಗ ಕರ್ಣದ ಪ್ರತಿ ಸಂಖ್ಯೆಯೂ ತನ್ನ ಜಾಗದಲ್ಲಿಯೇ ನಿಂತು ವರ್ಗವಾಗುತ್ತದೆ: 1, 4, 16. ಕರ್ಣದ ಹೊರಗಿನ ಸಂಖ್ಯೆಗಳು ಏನೇ ಆಗಿರಲಿ, ಅವು ಕರ್ಣದೊಳಗೆ ನುಸುಳುವುದಿಲ್ಲ. ಅಲ್ಲಿಂದ 3A ಕಳೆದು I ಕೂಡಿಸಿದರೂ ಮಾತೃಕೆ ಮೇಲ್ತ್ರಿಕೋನವಾಗಿಯೇ ಉಳಿಯುತ್ತದೆ, ಕರ್ಣದಲ್ಲಿ −1, −1, 5 ಬರುತ್ತವೆ. ತ್ರಿಕೋನ ಮಾತೃಕೆಯ ಐಗನ್ ಮೌಲ್ಯಗಳು ಕರ್ಣದ ಸಂಖ್ಯೆಗಳೇ ಆಗಿರುವುದರಿಂದ −1 ಎರಡು ಸಲ ಬರುತ್ತದೆ, ನಿರ್ಧಾರಕ 5.

ಈ ವಾದಕ್ಕೆ ಐಗನ್ ಸದಿಶಗಳ ಲೆಕ್ಕ ಬೇಕಾಗಲೇ ಇಲ್ಲ. ಸಂಕೀರ್ಣ ಸಂಖ್ಯೆಗಳನ್ನು ಒಪ್ಪಿಕೊಂಡರೆ ಯಾವ ಚೌಕ ಮಾತೃಕೆಯನ್ನಾದರೂ A = STS⁻¹ ಎಂದು ಬರೆಯಬಹುದು, ಇಲ್ಲಿ T ಮೇಲ್ತ್ರಿಕೋನ, ಅದರ ಕರ್ಣದಲ್ಲಿ A ಯ ಐಗನ್ ಮೌಲ್ಯಗಳು ಎಷ್ಟು ಸಲ ಬರಬೇಕೋ ಅಷ್ಟು ಸಲ ಇರುತ್ತವೆ. ಆಗ A² ಎಂದರೆ ST²S⁻¹, I ಎಂದರೆ SIS⁻¹. ಎಲ್ಲವನ್ನೂ ಸೇರಿಸಿದರೆ A² − 3A + I ಎಂಬುದು S(T² − 3T + I)S⁻¹. ಸಹನಾ ಅವರ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದೇ. ಕರ್ಣದಲ್ಲಿ ಮೂರು ಜಾಗಗಳಿವೆ, ಪ್ರತಿ ಜಾಗವೂ ತನ್ನ ಮೌಲ್ಯವನ್ನು ಹೊಸ ಮೌಲ್ಯಕ್ಕೆ ಬದಲಾಯಿಸಿಕೊಳ್ಳುತ್ತದೆ, ಎರಡು ಜಾಗಗಳಲ್ಲಿ ಒಂದೇ ಸಂಖ್ಯೆ ಬಂದ ಮಾತ್ರಕ್ಕೆ ಒಂದು ಜಾಗ ಅಳಿಸಿಹೋಗುವುದಿಲ್ಲ.

ಈಗ ಅದೇ ಉದಾಹರಣೆಯ ಎರಡನೆಯ ಕಂಬಸಾಲನ್ನು ನೋಡಿ. (0, 1, 0) ಎಂಬ ಸದಿಶವನ್ನು A² − 3A + I ಯಿಂದ ಗುಣಿಸಿದರೆ (0, −1, 0) ಬರುತ್ತದೆ, ಆದ್ದರಿಂದ ಅದು ಹೊಸ ಮಾತೃಕೆಗೆ ಐಗನ್ ಸದಿಶ. ಅದನ್ನೇ A ಯಿಂದ ಗುಣಿಸಿದರೆ (1, 2, 0) ಬರುತ್ತದೆ, ಇದು (0, 1, 0) ದ ಗುಣಕವಲ್ಲ. ಹಾಗಾಗಿ ಅದು A ಗೆ ಐಗನ್ ಸದಿಶವಲ್ಲ. A ಯಲ್ಲಿ 1 ಕ್ಕೆ ಒಂದು ದಿಕ್ಕು, 2 ಕ್ಕೆ ಇನ್ನೊಂದು ದಿಕ್ಕು ಇತ್ತು; ಎರಡಕ್ಕೂ ಮೌಲ್ಯ −1 ಆದ ಕ್ಷಣ ಆ ಎರಡು ದಿಕ್ಕುಗಳು ಹರಡುವ ಇಡೀ ಸಮತಲವೇ ಐಗನ್ ಸದಿಶಗಳಿಂದ ತುಂಬಿಕೊಳ್ಳುತ್ತದೆ.

ಪ್ರವೀಣ, ಸುರತ್ಕಲ್

ರಘುರಾಮ ಸರ್, ನಿಮ್ಮ ವಿವರಣೆ ಓದಿದ ಮೇಲೆ 2 × 2 ಮಾತೃಕೆಯೊಂದನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ನಿಯಮ ಹೊಂದುತ್ತಿಲ್ಲ. ನಾನು ತೆಗೆದುಕೊಂಡ A ಗೆ ಟ್ರೇಸ್ 3, ನಿರ್ಧಾರಕ 2, ಆದ್ದರಿಂದ ಐಗನ್ ಮೌಲ್ಯಗಳು 1 ಮತ್ತು 2. ಉತ್ತರ −1, −1 ಬರಬೇಕಿತ್ತು. ಬಂದದ್ದು ಸುಮಾರು 8.3166 ಮತ್ತು 1.6834.

```python
import numpy as np
A = np.array([[4, -2], [3, -1]])
P = A**2 - 3*A + 1
print(np.linalg.eigvals(P))
```

ನಮ್ಮ ಕೆಲಸದಲ್ಲಿ ಕಂಪನದ ಲೆಕ್ಕಗಳಿಗೆ ಇಂಥ ಮಾತೃಕೆಗಳು ದಿನವೂ ಬೇಕಾಗುತ್ತವೆ, ಆದುದರಿಂದ ಎಲ್ಲಿ ವ್ಯತ್ಯಾಸ ಎಂದು ನನಗೆ ತಿಳಿಯಲೇಬೇಕು.

ಕೊಣಾಜೆ ಓದುಗ

ಪ್ರವೀಣ್ ಅವರೇ, NumPy ಯಲ್ಲಿ `A**2` ಎಂದು ಬರೆದರೆ ಒಳಗಿನ ಪ್ರತಿ ಸಂಖ್ಯೆಯನ್ನೂ ಬಿಡಿಬಿಡಿಯಾಗಿ ವರ್ಗ ಮಾಡುತ್ತದೆ, ಅದು ಮಾತೃಕೆಗಳ ಗುಣಾಕಾರವಲ್ಲ. `A @ A` ಎಂದು ಬರೆಯಬೇಕು.

ಪ್ರವೀಣ, ಸುರತ್ಕಲ್

ಧನ್ಯವಾದ. `A @ A - 3*A + 1` ಎಂದು ಬದಲಾಯಿಸಿದೆ. ಈಗ 0 ಮತ್ತು −2 ಬರುತ್ತಿದೆ. ಮೊತ್ತ −2 ಎಂಬುದು ಸರಿಹೊಂದುತ್ತದೆ, ಆದರೆ −1, −1 ಬರುತ್ತಿಲ್ಲ. ದಶಮಾಂಶಗಳ ಸಣ್ಣ ದೋಷ ಇಷ್ಟು ದೊಡ್ಡದಾಗಲು ಸಾಧ್ಯವೇ?

ರಘುರಾಮ, ಕಾರ್ಕಳ

ಇದು ದಶಮಾಂಶದ ದೋಷವಲ್ಲ. ನಿಮ್ಮ ಸಾಲಿನ ಕೊನೆಯ `+ 1` ಮಾತೃಕೆಯ ನಾಲ್ಕೂ ಜಾಗಗಳಿಗೆ ಒಂದನ್ನು ಕೂಡಿಸುತ್ತದೆ. ನಮಗೆ ಬೇಕಾದದ್ದು I, ಅಂದರೆ ಕರ್ಣದ ಎರಡು ಜಾಗಗಳಿಗೆ ಮಾತ್ರ ಒಂದನ್ನು ಕೂಡಿಸುವುದು. ಕೈಯಿಂದಲೇ ನೋಡೋಣ.

```
A² =  10  −6      3A =  12  −6      A² − 3A =  −2   0
       9  −5             9  −3                  0  −2
```

ಇದಕ್ಕೆ I ಕೂಡಿಸಿದರೆ −I, ಐಗನ್ ಮೌಲ್ಯಗಳು −1, −1. ಎಲ್ಲ ಕಡೆಗೂ ಒಂದು ಕೂಡಿಸಿದರೆ ಕರ್ಣದಲ್ಲಿ −1, −1 ಬಂದರೂ ಹೊರಗೆ 1, 1 ಉಳಿದುಬಿಡುತ್ತವೆ, ಆ ಮಾತೃಕೆಯ ಐಗನ್ ಮೌಲ್ಯಗಳು 0 ಮತ್ತು −2. ನೀವು ಮೊತ್ತವನ್ನು ಪರೀಕ್ಷಿಸಿದ್ದು ಒಳ್ಳೆಯ ಅಭ್ಯಾಸ, ಆದರೆ ಇಲ್ಲಿ ಆ ಪರೀಕ್ಷೆ ಈ ವ್ಯತ್ಯಾಸವನ್ನು ಹಿಡಿಯಲಾರದು. ಟ್ರೇಸ್ ಕರ್ಣವನ್ನು ಮಾತ್ರ ನೋಡುತ್ತದೆ, ಕರ್ಣ ಎರಡು ಸಂದರ್ಭಗಳಲ್ಲೂ ಒಂದೇ. ಗುಣಲಬ್ಧವನ್ನೂ ನೋಡಿದ್ದರೆ ಒಂದು ಬರಬೇಕಾದಲ್ಲಿ ಸೊನ್ನೆ ಬಂದದ್ದು ತಕ್ಷಣ ಕಾಣುತ್ತಿತ್ತು. ಸಾಲನ್ನು ಹೀಗೆ ಬರೆಯಿರಿ:

```python
P = A @ A - 3*A + np.eye(2)
```

ಪ್ರವೀಣ, ಸುರತ್ಕಲ್

ಈಗ −1, −1 ಬಂತು. ಇನ್ನೊಂದು ವಿಷಯವನ್ನೂ ಗಮನಿಸಿದೆ: P ಎಂಬುದು −I ಆಗಿರುವುದರಿಂದ ಯಾವ ಸದಿಶ ಕೊಟ್ಟರೂ ಅದು ಐಗನ್ ಸದಿಶವೇ. ಹಾಗಾಗಿ P ಯ ಐಗನ್ ಸದಿಶಗಳಾಗಿ ಕಂಪ್ಯೂಟರ್ ಕೊಡುವುದು (1, 0) ಮತ್ತು (0, 1), ಇವು ಎರಡೂ A ಯ ಐಗನ್ ಸದಿಶಗಳಲ್ಲ. A ಯವು (2, 3) ಮತ್ತು (1, 1) ರ ದಿಕ್ಕಿನವು. P ಯ ಸದಿಶಗಳನ್ನು ತೆಗೆದು A ಗೆ ಬಳಸುವುದು ಸಾಧ್ಯವಿಲ್ಲ ಎಂದಾಯಿತು.

ಸಹನಾ, ಮಲ್ಪೆ

ರಘುರಾಮ ಸರ್, ಕರ್ಣದ ಜಾಗಗಳ ವಿವರಣೆಯಿಂದ ನನ್ನ ಮುಖ್ಯ ಸಂದೇಹ ಪರಿಹಾರವಾಯಿತು. ಗೆಳತಿಯೊಬ್ಬಳು ಇನ್ನೊಂದು ದಾರಿ ಹಿಡಿದಿದ್ದಳು: A ಯ ನಿರ್ಧಾರಕ 8, A² ದ್ದು 64, ಆದ್ದರಿಂದ 64 − 24 + 1 = 41 ಎಂದು. ಇದು ತಪ್ಪು ಎಂದು ಗೊತ್ತು, ಆದರೆ ಉತ್ತರವನ್ನು ನೋಡಿದ ಕೂಡಲೇ ತಪ್ಪೆಂದು ಹೇಳುವ ದಾರಿ ಇದೆಯೇ? ಮತ್ತೆ, ಐಗನ್ ಸದಿಶಗಳು ಕಡಿಮೆಯಿರುವ ಮಾತೃಕೆಯ ಒಂದು ಉದಾಹರಣೆಯನ್ನೂ ಕೊಡುವಿರಾ?

ರಘುರಾಮ, ಕಾರ್ಕಳ

ಗುಣಾಕಾರವನ್ನು ನಿರ್ಧಾರಕ ಪಾಲಿಸುತ್ತದೆ, ಸಂಕಲನವನ್ನು ಪಾಲಿಸುವುದಿಲ್ಲ; 64 ಸರಿ, ಆಮೇಲಿನ ಕಳೆಯುವುದು ಕೂಡುವುದು ಸರಿಯಲ್ಲ. ಅದಲ್ಲದೆ 3A ಯ ನಿರ್ಧಾರಕವೂ 24 ಅಲ್ಲ, 3 × 3 ಮಾತೃಕೆಯಲ್ಲಿ ಅದು 27 × 8. ನೋಡಿದ ಕೂಡಲೇ ಹೇಳುವ ದಾರಿಗೆ ಬಂದರೆ, ಪೂರ್ಣಾಂಕ n ಯಾವುದೇ ಇರಲಿ n(n − 3) ಸಮಸಂಖ್ಯೆ, ಆದ್ದರಿಂದ n² − 3n + 1 ಯಾವಾಗಲೂ ಬೆಸಸಂಖ್ಯೆ. ಐಗನ್ ಮೌಲ್ಯಗಳು ಪೂರ್ಣಾಂಕಗಳಾಗಿದ್ದರೆ ಈ ನಿರ್ಧಾರಕ ಬೆಸವಾಗಿರಲೇಬೇಕು, ಸೊನ್ನೆಯಂತೂ ಆಗಲಾರದು. ದುರದೃಷ್ಟವಶಾತ್ 41 ಕೂಡ ಬೆಸವೇ, −5 ಕೂಡ ಬೆಸವೇ. ಆದ್ದರಿಂದ ಇಲ್ಲಿ ಟ್ರೇಸ್ ಹೆಚ್ಚು ಉಪಯುಕ್ತ: A² ದ ಟ್ರೇಸ್ 1 + 4 + 16 = 21, 3A ಯದ್ದೂ 21, I ಯದ್ದು 3, ಒಟ್ಟು 3. −1, −1, 5 ರ ಮೊತ್ತ 3. −1 ಅನ್ನು ಒಂದೇ ಸಲ ಬರೆದವರಿಗೆ ಮೊತ್ತ 4 ಬರುತ್ತದೆ, ಅಲ್ಲಿಯೇ ಒಂದು ಮೌಲ್ಯ ಬಿಟ್ಟುಹೋಗಿರುವುದು ತಿಳಿಯುತ್ತದೆ.

ಐಗನ್ ಸದಿಶಗಳು ಕಡಿಮೆಯಿರುವ ಮಾತೃಕೆಗೆ ನನಗೆ ಬಹಳ ಇಷ್ಟವಾದ ಉದಾಹರಣೆ ಇದು.

```
A =  3/2   1        A² =  9/4   3
      0   3/2              0   9/4
```

ಇದಕ್ಕೆ 3/2 ಎರಡು ಸಲ ಬರುವ ಐಗನ್ ಮೌಲ್ಯ, ಆದರೆ ಐಗನ್ ಸದಿಶದ ದಿಕ್ಕು ಒಂದೇ. A² − 3A + I ಮಾಡಿದರೆ ಮೇಲ್ಮೂಲೆಯ ಸಂಖ್ಯೆ 3 − 3 = 0 ಆಗಿ ಅಳಿಸಿಹೋಗುತ್ತದೆ, ಕರ್ಣದಲ್ಲಿ 9/4 − 9/2 + 1 = −5/4 ಉಳಿಯುತ್ತದೆ. ಹೊಸ ಮಾತೃಕೆ −5/4 ರಷ್ಟು I, ಎಲ್ಲ ದಿಕ್ಕುಗಳೂ ಅದಕ್ಕೆ ಐಗನ್ ದಿಕ್ಕುಗಳೇ. ನಿಯಮ ಸ್ವಲ್ಪವೂ ಕೆಡಲಿಲ್ಲ. ಮೂಲೆಯ ಸಂಖ್ಯೆ ಅಳಿದದ್ದು ಕಾಕತಾಳೀಯವಲ್ಲ. ಆ ಜಾಗದಲ್ಲಿ ಬರುವುದು x² − 3x + 1 ರ ನಿಷ್ಪನ್ನವಾದ 2x − 3 ರ ಬೆಲೆ, ಅದು 3/2 ರಲ್ಲಿ ಸೊನ್ನೆ. 3/2 ರ ಬದಲು 2 ಇಟ್ಟು ಮಾಡಿದರೆ ಮೂಲೆಯಲ್ಲಿ 1 ಉಳಿಯುತ್ತದೆ, ಹೊಸ ಮಾತೃಕೆಗೂ ಒಂದೇ ದಿಕ್ಕು.

ಕೊಣಾಜೆ ಓದುಗ

ಈ ಉದಾಹರಣೆ ನೋಡಿದ ಮೇಲೆ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಕಲಿಸುವಾಗ ಐಗನ್ ಸದಿಶದಿಂದಲೇ ಆರಂಭಿಸಬೇಕು ಎಂಬುದು ನನ್ನ ನಿಲುವು. STS⁻¹ ಎಂಬುದನ್ನು ಎರಡನೆಯ ವರ್ಷದ ವಿದ್ಯಾರ್ಥಿಗಳು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗುತ್ತದೆ. Av = λv ಯಿಂದ ಬರುವ ಎರಡು ಸಾಲಿನ ವಾದವನ್ನು ಅವರೇ ಬರೆಯಬಲ್ಲರು.

ರಘುರಾಮ, ಕಾರ್ಕಳ

ಬರೆಯಬಲ್ಲರು ನಿಜ. ಆದರೆ ಆ ಎರಡು ಸಾಲುಗಳು −1 ಮತ್ತು 5 ಐಗನ್ ಮೌಲ್ಯಗಳು ಎಂಬುದನ್ನಷ್ಟೇ ಹೇಳುತ್ತವೆ. ಐಗನ್ ಮೌಲ್ಯಗಳು ಮರುಕಳಿಸುವ ಮಾತೃಕೆಯಲ್ಲಿ ಬೇರೆ ಯಾವುದೂ ಇಲ್ಲ, ಪ್ರತಿಯೊಂದೂ ಇಷ್ಟೇ ಸಲ ಎಂಬುದನ್ನು ಅವು ಹೇಳುವುದಿಲ್ಲ, ಸಹನಾ ಅವರ ತರಗತಿಯಲ್ಲಿ ಎದ್ದ ಜಗಳ ಆ ಎರಡನೆಯ ಭಾಗದ್ದೇ. ಕೊನೆಯ ಪಕ್ಷ ತ್ರಿಕೋನ ಮಾತೃಕೆಯೊಂದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೆ ಸಾಕು ಎಂದು ನಾನು ಈಗಲೂ ಹೇಳುತ್ತೇನೆ.

ಲತಾ, ಬಂಟ್ವಾಳ

ನನ್ನ ಮಗನ ಪುಸ್ತಕ ತೆಗೆದು ನೋಡಿದೆ, ಅಲ್ಲಿರುವುದು 2, 1, 1, 1 ಇರುವ ಮಾತೃಕೆಯೇ. ಈಗ ನನ್ನದೊಂದು ಪ್ರಶ್ನೆ. ಇದನ್ನು ಹಿಂದುಮುಂದಾಗಿ ಕೇಳಿದರೆ ಏನಾಗುತ್ತದೆ? A² − 3A + I ಯ ಐಗನ್ ಮೌಲ್ಯಗಳು −1, −1, 5 ಎಂದು ಕೊಟ್ಟರೆ A ಯವನ್ನು ಹೇಳಲು ಬರುತ್ತದೆಯೇ?

ರಘುರಾಮ, ಕಾರ್ಕಳ

ಅದಷ್ಟರಿಂದಲೇ ಬರುವುದಿಲ್ಲ. λ ಮತ್ತು 3 − λ ಎರಡಕ್ಕೂ ಈ ಬಹುಪದೋಕ್ತಿಯ ಬೆಲೆ ಒಂದೇ, ಹಾಗಾಗಿ ಪ್ರತಿ −1 ರ ಹಿಂದೆ 1 ಇರಬಹುದು ಅಥವಾ 2 ಇರಬಹುದು, 5 ರ ಹಿಂದೆ 4 ಇರಬಹುದು ಅಥವಾ −1 ಇರಬಹುದು. A ಯ ಟ್ರೇಸ್ 7 ಎಂದು ಹೆಚ್ಚುವರಿಯಾಗಿ ತಿಳಿದಿದ್ದರೆ 1, 2, 4 ಒಂದೇ ಆಯ್ಕೆಯಾಗಿ ಉಳಿಯುತ್ತದೆ. ಆದರೆ ಟ್ರೇಸ್ ಯಾವಾಗಲೂ ಸಾಲದು. 4 × 4 ರಲ್ಲಿ 0, 2, 2, 2 ಮತ್ತು 3, 1, 1, 1 ಎರಡೂ 1, −1, −1, −1 ಅನ್ನೇ ಕೊಡುತ್ತವೆ, ಎರಡರ ಟ್ರೇಸ್ ಕೂಡ 6.

ಕೊಣಾಜೆ ಓದುಗ

ಲತಾ ಅವರ ಪ್ರಶ್ನೆಯನ್ನು ಸ್ವಲ್ಪ ಮುಂದುವರಿಸಿದೆ. ಐಗನ್ ಮೌಲ್ಯಗಳು ಪೂರ್ಣಾಂಕಗಳೆಂದು ಗೊತ್ತಿದ್ದರೆ 3 × 3 ರಲ್ಲಿ ಟ್ರೇಸ್ ಸಾಕು. ಪ್ರತಿ ಮೌಲ್ಯವನ್ನೂ (3 ± d)/2 ಎಂದು ಬರೆದರೆ ಮೂರೂ d ಗಳು ಬೆಸಸಂಖ್ಯೆಗಳು. ಎರಡು ಭಿನ್ನ ಆಯ್ಕೆಗಳಿಗೆ ಒಂದೇ ಟ್ರೇಸ್ ಬರಬೇಕಾದರೆ ಒಂದು d ಉಳಿದೆರಡರ ಮೊತ್ತವಾಗಬೇಕು, ಎರಡು ಬೆಸಗಳ ಮೊತ್ತ ಬೆಸವಾಗದು. ಪೂರ್ಣಾಂಕವಲ್ಲದಿದ್ದರೆ ಇದು ಮುರಿಯುತ್ತದೆ: 5/2, 1, 1 ಮತ್ತು 1/2, 2, 2 ನೋಡಿ, ಎರಡಕ್ಕೂ ಟ್ರೇಸ್ 9/2. ಅಲ್ಲಿ A ಯ ನಿರ್ಧಾರಕವೂ ತಿಳಿದಿದ್ದರೆ ಬೇರ್ಪಡಿಸಬಹುದು, ಒಂದಕ್ಕೆ 5/2, ಇನ್ನೊಂದಕ್ಕೆ 2.

ಪ್ರವೀಣ, ಸುರತ್ಕಲ್

ಸರ್ ಕೊಟ್ಟ 4 × 4 ಜೋಡಿಯನ್ನೂ ನಿರ್ಧಾರಕ ಬೇರ್ಪಡಿಸುತ್ತದೆ, ಒಂದಕ್ಕೆ 0, ಇನ್ನೊಂದಕ್ಕೆ 3. ಹಾಗಾದರೆ ಟ್ರೇಸ್ ಮತ್ತು ನಿರ್ಧಾರಕ ಎರಡೂ ಕೈಯಲ್ಲಿದ್ದರೆ ಯಾವ ಗಾತ್ರದ ಮಾತೃಕೆಗಾದರೂ ಸಾಕಾಗುತ್ತದೆಯೇ? 5 × 5 ಮತ್ತು 6 × 6 ಕ್ಕೆ ಸಣ್ಣ ಪೂರ್ಣಾಂಕಗಳನ್ನೆಲ್ಲ ಹಾಕಿ ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಯಾರಾದರೂ ಕಾಗದದ ಮೇಲೆ ಮೊದಲೇ ಒಂದು ಜೋಡಿ ಕಂಡುಹಿಡಿದರೆ ಇಲ್ಲಿ ಬರೆಯಿರಿ.